ಕಣ್ಣಿಗೆ ಐದು, ಮಾತಿಗೆ ಐದು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ನಾವು ನಾಲ್ವರು ನಾಲ್ಕು ತಾಲ್ಲೂಕಿನವರು, ಪತ್ರಿಕೋದ್ಯಮ ಓದಿದ್ದು ಮಾತ್ರ ಒಂದೇ ತರಗತಿಯಲ್ಲಿ. ಓದು ಮುಗಿದು ಕೆಲವು ವರ್ಷಗಳಾದ ಮೇಲೆ ಜಿಲ್ಲೆಯ ಒಂದು ಕಾಲೇಜಿನಿಂದ ಕರೆ ಬಂತು. ಕೊನೆಯ ವರ್ಷದ ಪತ್ರಿಕೋದ್ಯಮ ವಿದ್ಯಾರ್ಥಿಗಳು ಸೆಮಿನಾರ್ ಕೊಡುತ್ತಾರೆ, ನೀವು ಬಂದು ಅಂಕ ಹಾಕಿಕೊಡಿ ಎಂದರು. ನಾವು ಖುಷಿಯಿಂದಲೇ ಹೋದೆವು. ಸೆಮಿನಾರ್ ಕೊಡುವಾಗ ಕಾಲು ನಡುಗಿಸಿಕೊಂಡು ನಿಂತಿದ್ದವರು ನಾವು. ಈಗ ಎದುರಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂರುವ ಸರದಿ.

ಕೈಗೆ ಕೊಟ್ಟ ಹಾಳೆಯಲ್ಲಿ ನಾಲ್ಕು ಕಾಲಂ ಇದ್ದವು: ವಿಷಯ, ಮಂಡನೆ, ಕಣ್ಣಿನ ಸಂಪರ್ಕ, ಸ್ಲೈಡ್ ಬಳಕೆ. ಒಂದೊಂದಕ್ಕೆ 5, ಒಟ್ಟು 20. ಆ ತಂಡದ ಪದವಿಯಲ್ಲಿ ಒಂದು ಪತ್ರಿಕೆಗೆ ಪರೀಕ್ಷೆಯಿಂದ 60, ಆಂತರಿಕವಾಗಿ 40 ಅಂಕ. ಆ 40ರಲ್ಲಿ ಸೆಮಿನಾರಿಗೆ 10. ಹಾಗಾಗಿ ನಾವು ಹಾಕುವ ಇಪ್ಪತ್ತನ್ನು ಅರ್ಧ ಮಾಡಿ ಬರೆದುಕೊಳ್ಳುತ್ತಾರೆ. ಐದಕ್ಕೆ ಮೂರು ಯಾವಾಗ, ನಾಲ್ಕು ಯಾವಾಗ ಎಂದು ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ನಾವೂ ಕೇಳಲಿಲ್ಲ. ನೋಡಿದರೆ ಗೊತ್ತಾಗುತ್ತದೆ ಅಂದುಕೊಂಡೆವು.

ಆ ದಿನ ಮಾತನಾಡಿದವರಲ್ಲಿ ಇಬ್ಬರ ಕಥೆ ಹೇಳಬೇಕು.

ಒಬ್ಬಳು ಅರಕಲಗೂಡು ಕಡೆಯ ಹುಡುಗಿ. ಅವಳ ವಿಷಯ ಬಿತ್ತನೆ ಆಲೂಗಡ್ಡೆಯ ಸುದ್ದಿ. ಮುಂಗಾರಿಗೆ ಮೊದಲು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಹಾಸನದ ಎಪಿಎಂಸಿ ಮಾರುಕಟ್ಟೆಗೆ ಬಿತ್ತನೆ ಗಡ್ಡೆ ಬರುತ್ತದೆ, ರೈತರು ಕೊಂಡು ಹೋಗಿ ಪ್ರತಿ ಹೋಳಿನಲ್ಲೂ ಒಂದಾದರೂ ಕಣ್ಣು ಉಳಿಯುವ ಹಾಗೆ ಕತ್ತರಿಸಿ ನೆಡುತ್ತಾರೆ. ಇದು ನಮ್ಮ ಜಿಲ್ಲೆಯ ಪತ್ರಿಕೆಗಳಿಗೆ ವರ್ಷವರ್ಷದ ಸುದ್ದಿ. ಅವಳು ಒಂದು ತಿಂಗಳ ಪತ್ರಿಕೆಗಳನ್ನು ಕತ್ತರಿಸಿಟ್ಟುಕೊಂಡು, ಯಾವ ಸುದ್ದಿಯಲ್ಲಿ ಅಧಿಕಾರಿಯ ಮಾತಿದೆ, ಯಾವುದರಲ್ಲಿ ವರ್ತಕರದು, ಯಾವುದರಲ್ಲಿ ರೈತರದು ಎಂದು ಪಟ್ಟಿ ಮಾಡಿದ್ದಳು. ಆಮೇಲೆ ಮಾರುಕಟ್ಟೆಗೇ ಹೋಗಿ, ಚೀಲ ಏರಿಸುತ್ತಿದ್ದ ರೈತರನ್ನು ಮಾತನಾಡಿಸಿ, ಅವರ ಕೈಯಲ್ಲಿದ್ದ ಬಿಲ್ಲಿನ ದರವನ್ನು ಅದೇ ದಿನದ ಪತ್ರಿಕೆಯ ದರದ ಪಕ್ಕದಲ್ಲಿಟ್ಟು ನೋಡಿದ್ದಳು. ಆದರೆ ಎಂಟು ನಿಮಿಷದಲ್ಲಿ ಹೆಚ್ಚುಪಾಲು ಹೊತ್ತು ನೋಟ್‌ಬುಕ್ಕಿನ ಮೇಲೇ ತಲೆ ಬಗ್ಗಿಸಿಕೊಂಡು ಓದಿದಳು. ದನಿ ಒಂದೇ ಸಮ. ಪರದೆಯ ಮೇಲೆ ಅವಳ ಸ್ಲೈಡು ಬಂತು, ಅಕ್ಷರಗಳೆಲ್ಲ ಕಲಸಿಹೋಗಿದ್ದವು.

ಇನ್ನೊಬ್ಬ ಹಾಸನ ಪಟ್ಟಣದ ಹುಡುಗ. ಸಾಮಾಜಿಕ ಜಾಲತಾಣ ಮತ್ತು ಯುವಜನ ಎಂಬ ವಿಷಯ. ಕಾಗದ ಹಿಡಿಯಲಿಲ್ಲ, ತಡವರಿಸಲಿಲ್ಲ, ನಮ್ಮೆಲ್ಲರ ಮುಖ ನೋಡಿ ನಗುನಗುತ್ತಾ ಮಾತನಾಡಿದ. ಸ್ಲೈಡುಗಳು ಬಣ್ಣಬಣ್ಣವಾಗಿ ಹಾರಿ ಬಂದವು. ಶೇಕಡಾವಾರು ಅಂಕಿಗಳನ್ನು ಹೇಳಿದ. ಇದು ಎಲ್ಲಿಯ ಲೆಕ್ಕ ಎಂದು ನಮ್ಮ ಹೊಳೆನರಸೀಪುರದವಳು ಕೇಳಿದಾಗ, "ಗೂಗಲಲ್ಲಿ ಸಿಕ್ತು ಮೇಡಂ" ಅಂದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಅಲ್ಲಿಗೆ ಮುಗಿಯಿತು.

ಸಂಜೆ ಲೆಕ್ಕ ಕೂಡಿದೆವು. ಹುಡುಗನಿಗೆ ನಾಲ್ವರು ಹಾಕಿದ್ದು 18, 16, 15, 19, ಸರಾಸರಿ 17. ಹುಡುಗಿಗೆ 9, 13, 15, 8, ಸರಾಸರಿ 11.25. ಅರ್ಧ ಮಾಡಿ ಪೂರ್ಣಾಂಕಕ್ಕೆ ತಂದಾಗ ಅವನಿಗೆ 9, ಅವಳಿಗೆ 6. ಪಟ್ಟಿಗೆ ಸಹಿ ಹಾಕಿ, ಟೀ ಕುಡಿದು ಹೊರಟೆವು.

ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿಯೇ ಸಿಕ್ಕಳು. ಅವಳಿಗೂ ನಮ್ಮ ಅರಕಲಗೂಡಿನವಳಿಗೂ ಒಂದೇ ಬಸ್ಸು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು ಆಮೇಲೆ ಕೇಳಿದಳು.

"ನಂದು ಎಲ್ ತಪ್ಪಾಯ್ತು ಅಕ್ಕಾ? ಹೇಳಿದ್ರೆ ಮುಂದಿನ್ ಸಲ ಸರಿ ಮಾಡ್ಕೋತೀನಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಾಳೆಯಲ್ಲಿ ಅಂಕ ಇತ್ತೇ ಹೊರತು ಕಾರಣ ಇರಲಿಲ್ಲ. ಚನ್ನರಾಯಪಟ್ಟಣದವನು, "ಮುಖ ನೋಡಿ ಮಾತಾಡ್ಬೇಕಿತ್ತಮ್ಮ" ಅಂದ.

"ನೋಡ್ತಿದ್ನಲ್ಲಾ ಸರ್. ತಲೆ ಎತ್ತಿದಾಗೆಲ್ಲ ಈ ಅಕ್ಕನ್ನೇ ನೋಡ್ತಿದ್ದೆ."

ಅರಕಲಗೂಡಿನವಳು ಹೌದೆಂದು ತಲೆಯಾಡಿಸಿದಳು. ಕಣ್ಣಿನ ಕಾಲಂನಲ್ಲಿ ಅವಳು 4 ಹಾಕಿದ್ದಳು. ಚನ್ನರಾಯಪಟ್ಟಣದವನು ಹಾಕಿದ್ದು 1.

ಆ ರಾತ್ರಿ ಫೋನಿನಲ್ಲೇ ನಮ್ಮ ನಮ್ಮ ಕಾಲಂಗಳನ್ನು ಜೋಡಿಸಿ ನೋಡಿದೆವು. ಅವಳ ವಿಷಯಕ್ಕೆ ನಾವು ಕೊಟ್ಟಿದ್ದು 4, 4, 5, 3. ಮಂಡನೆಗೆ 2, 3, 3, 2. ಸ್ಲೈಡಿಗೆ 2, 3, 3, 2. ಈ ಮೂರರಲ್ಲಿ ನಾವು ತೀರಾ ಬೇರೆಯಾಗಿಲ್ಲ. ಕಣ್ಣಿಗೆ ಮಾತ್ರ 1, 3, 4, 1. ಯಾರು ಎಲ್ಲಿ ಕೂತಿದ್ದೆವು ಎಂದು ನೆನಪಿಸಿಕೊಂಡಾಗ ಒಗಟು ಬಿಡಿಸಿತು. 3 ಮತ್ತು 4 ಕೊಟ್ಟ ಇಬ್ಬರು ಕಿಟಕಿ ಕಡೆಯ ಎಡ ಬೆಂಚಿನಲ್ಲಿದ್ದರು, ಅವಳ ಗೆಳತಿಯರೂ ಅಲ್ಲೇ ಹಿಂದೆ ಕೂತಿದ್ದರು. 1 ಕೊಟ್ಟ ಇಬ್ಬರು ಬಲಗಡೆ, ಪ್ರೊಜೆಕ್ಟರ್ ಪಕ್ಕ. ಆ ಕಡೆ ತಿರುಗಿದರೆ ಪ್ರೊಜೆಕ್ಟರಿನ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ. ಅವಳಿಗೆ ಬಲಗಡೆಯವರು ಬೆಳಕಿನ ಹಿಂದಿನ ಕಪ್ಪು ನೆರಳುಗಳಷ್ಟೇ. ನಾವು ಅಳೆದದ್ದು ಅವಳ ಕಣ್ಣನ್ನಲ್ಲ, ನಮ್ಮ ಕುರ್ಚಿಯನ್ನು.

ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವಳು ನೋಟ್‌ಬುಕ್ ಹಿಡಿದಿದ್ದಾದರೂ ಯಾಕೆ? ಅರಕಲಗೂಡಿನವಳು ಬಸ್ಸಿನಲ್ಲೇ ಕೇಳಿ ತಿಳಿದುಕೊಂಡಿದ್ದಳು. ಹುಡುಗಿ ಸ್ಲೈಡು ಟೈಪ್ ಮಾಡಿಸಿದ್ದು ಊರಿನ ಜೆರಾಕ್ಸ್ ಅಂಗಡಿಯಲ್ಲಿ, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಈ ಫಾಂಟುಗಳು ಯೂನಿಕೋಡ್ ಅಲ್ಲ. ಕಡತದ ಒಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಅದು ಇರಲಿಲ್ಲ. ಆಲೂಗಡ್ಡೆ ಎಂಬಲ್ಲಿ `D®ÆUÀqÉØ` ಎಂದು ಕಂಡಿತು. ಸ್ಲೈಡು ನೋಡಿಕೊಂಡು ಮಾತನಾಡಲು ತಯಾರಾಗಿ ಬಂದವಳಿಗೆ ಕೊನೆಯ ಗಳಿಗೆಯಲ್ಲಿ ಆಸರೆ ಹೋಯಿತು. ಕೈಗೆ ಸಿಕ್ಕಿದ್ದು ಟಿಪ್ಪಣಿಯ ನೋಟ್‌ಬುಕ್, ಅದನ್ನೇ ಓದಿದಳು. ಓದಿದ್ದರಿಂದ ತಲೆ ಬಗ್ಗಿತು. ತಲೆ ಬಗ್ಗಿದ್ದರಿಂದ ದನಿ ನೆಲಕ್ಕೆ ಹೋಯಿತು.

ನಾವೇನು ಮಾಡಿದೆವು? ಸ್ಲೈಡು ಕೆಟ್ಟಿದೆ ಎಂದು ಸ್ಲೈಡಿನಲ್ಲಿ ಕಳೆದೆವು, ನಮ್ಮನ್ನು ನೋಡಲಿಲ್ಲ ಎಂದು ಕಣ್ಣಿನಲ್ಲಿ ಕಳೆದೆವು, ದನಿ ಚೆನ್ನಾಗಿಲ್ಲ ಎಂದು ಮಂಡನೆಯಲ್ಲಿ ಕಳೆದೆವು. ಒಂದೇ ಫಾಂಟಿನ ತಪ್ಪಿಗೆ ಮೂರು ಕಡೆ ದಂಡ. ಕಾಲಂ ನಾಲ್ಕಿದ್ದರೆ ನಾಲ್ಕು ಬೇರೆ ಬೇರೆ ಗುಣಗಳನ್ನು ಅಳೆದಂತೆ ಎಂದು ನಂಬಿದ್ದೆವು. ನಿಜವಾಗಿ ವಿಷಯ ಒಂದು ಕಡೆ, ಉಳಿದ ಮೂರು ಒಂದರ ಬಾಲ ಒಂದು ಹಿಡಿದುಕೊಂಡು ಇನ್ನೊಂದು ಕಡೆ. 20ರಲ್ಲಿ 15 ಅಂಕ ಆ ಬಾಲಕ್ಕೆ ಹೋಗಿತ್ತು.

ಹುಡುಗನ ಕಡೆ ಇದೇ ತಪ್ಪು ತಿರುಗಿ ನಿಂತಿತ್ತು. ಅವನ ವಿಷಯಕ್ಕೆ ನಾವು ಕೊಟ್ಟದ್ದು 3, 3, 2, 4. ನಾಲ್ಕು ಕೊಟ್ಟವನನ್ನು, ಅವನು ಹೇಳಿದ್ದರಲ್ಲಿ ಏನು ನೆನಪಿದೆ ಹೇಳು ಎಂದು ಕೇಳಿದೆವು. ಒಂದೆರಡು ಮಾತು ಹೇಳಿ ನಿಂತ. "ಚೆನ್ನಾಗ್ ಮಾತಾಡ್ದ ಕಣ್ರೋ, ಅದಕ್ಕೇ ವಿಷಯಾನೂ ಇತ್ತು ಅನ್ನಿಸ್ತು" ಅಂದ. ಒಂದು ಕಾಲಂನ ಹೊಳಪು ಪಕ್ಕದ ಕಾಲಂಗೂ ಬಿದ್ದಿತ್ತು. ಎಲ್ಲ ಕಾಲಂಗಳನ್ನೂ ಮಾತು ಮುಗಿದ ಮೇಲೆ ಒಟ್ಟಿಗೆ ತುಂಬಿದರೆ ಇದು ಆಗೇ ಆಗುತ್ತದೆ. ಮೊದಲು ಮನಸ್ಸಿನಲ್ಲಿ ಒಂದು ಒಟ್ಟು ಅಂಕ ಹುಟ್ಟುತ್ತದೆ, ಆಮೇಲೆ ಅದನ್ನು ನಾಲ್ಕಕ್ಕೆ ಹಂಚುತ್ತೇವೆ.

ಮಾರನೆಯ ದಿನ ಮೇಷ್ಟ್ರಿಗೆ ಫೋನ್ ಮಾಡಿದೆವು. ಅಂಕ ಆಗಲೇ ಹೋಗಿಬಿಟ್ಟಿದೆ, ಇನ್ನು ತಿದ್ದಲು ಬರುವುದಿಲ್ಲ ಎಂದರು. ಅವಳ 6 ಹಾಗೇ ಉಳಿಯಿತು. ಮುಂದಿನ ಸೆಮಿಸ್ಟರಿಗೂ ನೀವೇ ಬನ್ನಿ, ಹಾಳೆಯನ್ನು ನೀವೇ ಮಾಡಿಕೊಂಡು ಬನ್ನಿ ಎಂದೂ ಹೇಳಿದರು. ಮಾಡಿದೆವು. ಒಟ್ಟು 20 ಹಾಗೇ ಇಟ್ಟು ಹಂಚಿಕೆ ಬದಲಿಸಿದೆವು.

ವಿಷಯಕ್ಕೆ 10. ಹೇಳಬೇಕಾದ್ದು ಏನೆಂದು ಒಂದು ವಾಕ್ಯದಲ್ಲಿ ನಮಗೆ ತಿಳಿಯಿತೇ, 2. ಹೇಳಿದ ಮಾತಿಗೆ ಆಧಾರ ಕೊಟ್ಟರೇ, 4. ತಾವೇ ಹೋಗಿ ನೋಡಿದ್ದು, ಕೇಳಿದ್ದು, ಎಣಿಸಿದ್ದು ಇದೆಯೇ, 2. ಪ್ರಶ್ನೆಗೆ ಉತ್ತರ, 2.

ಮಂಡನೆಗೆ 4. ಕೊನೆಯ ಬೆಂಚಿಗೆ ಕೇಳಿಸಿತೇ, 2. ಒಂದಾದ ಮೇಲೊಂದು ಸರಿಯಾಗಿ ಬಂದು ಹೊತ್ತಿನೊಳಗೆ ಮುಗಿಯಿತೇ, 2.

ಸ್ಲೈಡಿಗೆ 4. ಕೊನೆಯ ಬೆಂಚಿನಿಂದ ಓದಲು ಬರುತ್ತದೆಯೇ, 1. ಬಾಯಲ್ಲಿ ಹೇಳಲಾಗದ್ದನ್ನು, ಅಂದರೆ ಚಿತ್ರವನ್ನೋ ಬಿಲ್ಲನ್ನೋ ಪಟ್ಟಿಯನ್ನೋ, ತೋರಿಸಿದೆಯೇ, 2. ಅದು ಯಾರದ್ದು ಎಂದು ಬರೆದಿದೆಯೇ, 1.

ಕಣ್ಣಿಗೆ 2.

ಕಣ್ಣನ್ನು ಪೂರ್ತಿ ಕಿತ್ತೇ ಹಾಕೋಣ ಎಂದು ಹೊಳೆನರಸೀಪುರದವಳು ವಾದಿಸಿದಳು. ಹಿರಿಯರ ಎದುರು ಮುಖ ಎತ್ತಿ ಮಾತನಾಡಿದರೆ "ಏನ್ ಗುರಾಯಿಸ್ತೀಯ" ಅನ್ನಿಸಿಕೊಂಡು ಬೆಳೆದ ಮಕ್ಕಳಿಗೆ ಇದು ಅನ್ಯಾಯ, ಆಕಾಶವಾಣಿಯಲ್ಲಿ ಓದುವವರು ಯಾರ ಕಣ್ಣು ನೋಡುತ್ತಾರೆ ಎಂದಳು. ಹಾಸನದವನದು ಬೇರೆ ಮಾತು. ವರದಿಗೆ ಹೋದಾಗ ಎದುರಿನವರು ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಮುಖ ನೋಡಿಯೇ ತಿಳಿಯಬೇಕು, ಅದನ್ನು ಕಾಲೇಜಿನಲ್ಲೇ ಕಲಿಯಬೇಕಲ್ಲವೇ ಎಂದ. ಇಬ್ಬರದೂ ನಿಜ. ಅದಕ್ಕೇ ಉಳಿಸಿಕೊಂಡೆವು, ತೂಕ ಇಳಿಸಿದೆವು, ಅನ್ನಿಸಿಕೆಯ ಬದಲು ಎಣಿಕೆ ಇಟ್ಟೆವು.

ಎಣಿಕೆ ಹೀಗೆ. ನಾಲ್ವರೂ ಬೇರೆ ಬೇರೆ ಕಡೆ ಕೂರಬೇಕು: ಎಡ ಮುಂದೆ, ಬಲ ಮುಂದೆ, ನಡುವೆ, ಕೊನೆಯ ಬೆಂಚು. ಪ್ರತಿ ನಿಮಿಷಕ್ಕೊಮ್ಮೆ ಫೋನು ಮೆಲ್ಲಗೆ ನಡುಗುವಂತೆ ಇಟ್ಟುಕೊಳ್ಳಬೇಕು. ನಡುಗಿದ ಗಳಿಗೆಯಲ್ಲಿ ತಲೆಯೆತ್ತಿ ನೋಡಿ ಒಂದಕ್ಷರ ಬರೆಯಬೇಕು. ಜನರ ಕಡೆ ನೋಡುತ್ತಿದ್ದರೆ ಜ, ಪರದೆಯಾದರೆ ಪ, ಕಾಗದವಾದರೆ ಕ, ನೆಲವೋ ಗೋಡೆಯೋ ಆದರೆ ನ. ನಮ್ಮನ್ನೇ ನೋಡಬೇಕೆಂದಿಲ್ಲ, ಕೋಣೆಯ ಯಾರನ್ನು ನೋಡಿದರೂ ಜ. ಎಂಟು ನಿಮಿಷಕ್ಕೆ ಒಬ್ಬರದು ಎಂಟು ಅಕ್ಷರ, ನಾಲ್ವರದು 32. ಅದರಲ್ಲಿ 20 ಅಥವಾ ಮೇಲ್ಪಟ್ಟು ಜ ಇದ್ದರೆ 2 ಅಂಕ, 10ರಿಂದ 19 ಇದ್ದರೆ 1, ಅದಕ್ಕೂ ಕಡಿಮೆಯಾದರೆ ಸೊನ್ನೆ. ಪೂರ್ತಿ 32 ಕೇಳಲಿಲ್ಲ, ಯಾಕೆಂದರೆ ಒಂದು ಚಿತ್ರವನ್ನು ವಿವರಿಸುವವರು ಪರದೆ ನೋಡಲೇಬೇಕು. ಎಡಗಡೆಯವರ ಹಾಳೆಯಲ್ಲಿ ಜ ತುಂಬಿ ಬಲಗಡೆಯವರದರಲ್ಲಿ ಇಲ್ಲದಿದ್ದರೆ, ಅಂಕ ಕಳೆಯುವ ಮೊದಲು ಪ್ರೊಜೆಕ್ಟರ್ ಎಲ್ಲಿದೆ ಎಂದು ನೋಡಬೇಕು.

ಇದರ ಜೊತೆ ಮೂರು ಕಟ್ಟಳೆ. ಒಂದು ತಪ್ಪಿಗೆ ಒಂದೇ ಕಡೆ ಕಳೆಯುವುದು, ಅದೂ ಮೂಲ ಎಲ್ಲಿದೆಯೋ ಅಲ್ಲಿ. ವಿಷಯದ ಕಾಲಂಗೆ ಮಾತು ನಡೆಯುತ್ತಿರುವಾಗಲೇ ಟಿಪ್ಪಣಿ ಮಾಡಿಕೊಂಡು, ಉಳಿದವಕ್ಕಿಂತ ಮೊದಲು ಅಂಕ ಹಾಕುವುದು. ಎಲ್ಲರ ಕಡತಗಳನ್ನೂ ಶುರುವಾಗುವ ಮೊದಲೇ ಆ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡುವುದು. ಕನ್ನಡವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಬೇಕು, ಇಲ್ಲವಾದರೆ ಟೈಪ್ ಮಾಡಿಸಿದ ಅಂಗಡಿಯಲ್ಲೇ ಪಿಡಿಎಫ್ ಮಾಡಿಸಿ ತರಬೇಕು ಎಂದು ವಾರ ಮೊದಲೇ ಹೇಳಿ ಕಳಿಸಿದೆವು. ಪಿಡಿಎಫ್ ಮಾಡುವಾಗ ಫಾಂಟು ಕಡತದ ಜೊತೆಗೇ ಸೇರಿಕೊಂಡರೆ ಅಕ್ಷರ ಕಲಸುವುದಿಲ್ಲ.

ಹೊಸ ಹಾಳೆ ಸಿದ್ಧವಾದಾಗ ಆ ಇಬ್ಬರನ್ನೂ ನಮ್ಮ ಟಿಪ್ಪಣಿ ಹಿಡಿದು ಮತ್ತೆ ತೂಗಿ ನೋಡಿದೆವು. ಹುಡುಗಿಯ ಕಡತವನ್ನು ತರಿಸಿ ನುಡಿ ಇರುವ ಕಂಪ್ಯೂಟರಿನಲ್ಲಿ ತೆರೆದೆವು. ಏಳು ಸ್ಲೈಡು. ಲಾರಿಯಿಂದ ಚೀಲ ಇಳಿಸುವ ಚಿತ್ರ, ಒಂದು ಬಿಲ್ಲು, ಪತ್ರಿಕೆಗಳ ಪಟ್ಟಿ. ಚಿತ್ರ ಅವಳೇ ತೆಗೆದದ್ದು, ಆದರೆ ಹಾಗೆಂದು ಬರೆದಿರಲಿಲ್ಲ. ಸ್ಲೈಡಿಗೆ 3 ಬಂತು. ವಿಷಯಕ್ಕೆ 8, ಮಂಡನೆಗೆ 2, ಕಣ್ಣಿಗೆ 1, ಒಟ್ಟು 14. ಹುಡುಗನಿಗೆ ಮಂಡನೆಯಲ್ಲಿ ಪೂರ್ತಿ 4, ಕಣ್ಣಿಗೆ ಪೂರ್ತಿ 2. ಸ್ಲೈಡಿಗೆ 2, ವಿಷಯಕ್ಕೆ 3, ಒಟ್ಟು 11. ಈ 14 ಮತ್ತು 11ನ್ನು ತೀರ್ಪು ಎಂದು ನಾವು ಹೇಳುವುದಿಲ್ಲ. ತಪ್ಪು ಮಾಡಿದೆವೆಂದು ಮನಸ್ಸಿನಲ್ಲಿ ಇಟ್ಟುಕೊಂಡವರು ಎರಡನೆಯ ಸಲ ಹಾಕಿದ ಅಂಕ ಅದು. ಕೈ ಒಂದಿಷ್ಟು ಅವಳ ಕಡೆ ವಾಲಿರಬಹುದು. ಕಣ್ಣಿನ 1 ಅಂತೂ ಬರೀ ನೆನಪಿನಿಂದ ಹಾಕಿದ್ದು. ಆದರೆ ಮೊದಲಿನ ಹಾಳೆಯಲ್ಲಿ ಇಬ್ಬರ ನಡುವೆ ಸುಮಾರು ಆರು ಅಂಕದ ಅಂತರ ಒಂದು ಕಡೆಗಿತ್ತು, ಹೊಸದರಲ್ಲಿ ಮೂರರ ಅಂತರ ಇನ್ನೊಂದು ಕಡೆಗೆ. ಮಾತನಾಡಿದವರು ಬದಲಾಗಿರಲಿಲ್ಲ.

ಮುಂದಿನ ಸೆಮಿಸ್ಟರಿಗೆ ಹೋದಾಗ ಮೊದಲು ನಮ್ಮನ್ನೇ ಪರೀಕ್ಷಿಸಿಕೊಂಡೆವು. ಚನ್ನರಾಯಪಟ್ಟಣದವನು ತೆಂಗಿನ ಕಪ್ಪುತಲೆ ಹುಳುವಿನ ಬಗ್ಗೆ ಬೇಕೆಂದೇ ಅರೆಬರೆಯಾಗಿ ಐದು ನಿಮಿಷ ಮಾತನಾಡಿದ, ಉಳಿದ ಮೂವರು ಅಂಕ ಹಾಕಿದೆವು. ಆಧಾರಕ್ಕೆ ಒಬ್ಬಳು 4 ಹಾಕಿದ್ದಳು, ಒಬ್ಬ 1. ಕೇಳಿದರೆ, ಅವಳಿಗೆ "ನಮ್ಮ ತೋಟದಲ್ಲೇ ನೋಡಿದೆ" ಎಂಬುದು ಆಧಾರ, ಅವನಿಗೆ ಅಲ್ಲ. ಎಲ್ಲಿ, ಯಾವಾಗ, ಎಷ್ಟು ಮರ ಎಂದು ಹೇಳಿದರೆ ಕಣ್ಣಾರೆ ಕಂಡದ್ದೂ ಆಧಾರವೇ ಎಂದು ಅಲ್ಲೇ ಒಪ್ಪಿಕೊಂಡೆವು. ಈ ಹತ್ತು ನಿಮಿಷ ಇಲ್ಲದಿದ್ದರೆ ಮೊದಲು ಮಾತನಾಡಿದ ಮಗುವಿನ ಮೇಲೆ ಈ ಜಗಳ ಬೀಳುತ್ತಿತ್ತು. ಯಾರ ಒಟ್ಟು ಅಂಕದಲ್ಲಾದರೂ ನಮ್ಮ ನಡುವೆ ಮೂರಕ್ಕಿಂತ ಹೆಚ್ಚು ಅಂತರ ಬಂದರೆ, ಸರಾಸರಿ ತೆಗೆಯುವ ಮೊದಲು ನಿಂತು ಯಾಕೆಂದು ಕೇಳಿಕೊಳ್ಳಬೇಕೆಂದೂ ಇಟ್ಟುಕೊಂಡೆವು.

ಎಲ್ಲ ಸರಿಹೋಗಲಿಲ್ಲ. ಮಧ್ಯದಲ್ಲಿ ಕರೆಂಟ್ ಹೋಯಿತು. ಸ್ಲೈಡಿಲ್ಲದೆ ಮಾತು ಮುಗಿಸಿದವರ ಕಡತವನ್ನು ಆಮೇಲೆ ತೆರೆದು ನೋಡಿ ಅಂಕ ಹಾಕಿದೆವು. ಸ್ಲೈಡನ್ನು ಮಾತಿಗೆ ಹೇಗೆ ಬಳಸಿದರು ಎಂಬುದು ಮಾತ್ರ ನಮಗೆ ತಿಳಿಯದೇ ಹೋಯಿತು. ಒಬ್ಬ ಹುಡುಗನಿಗೆ ಮೆಳ್ಳೆಗಣ್ಣು. ಅವನು ಯಾರನ್ನು ನೋಡುತ್ತಿದ್ದಾನೆ ಎಂದು ನಮ್ಮ ನಾಲ್ವರಿಗೂ ತಿಳಿಯಲಿಲ್ಲ, ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಅವನಿಗೆ ಆ ಕಾಲಂ ಬಿಟ್ಟು 18ಕ್ಕೆ ಅಂಕ ಹಾಕಿ ಇಪ್ಪತ್ತಕ್ಕೆ ಏರಿಸಿದೆವು. 18ಕ್ಕೆ 13 ಬಂದಿತ್ತು, 20ಕ್ಕೆ 14.4 ಆಯಿತು.

ಆಲೂಗಡ್ಡೆಯ ಹುಡುಗಿ ಈ ಸಲ ಊರಿನ ಸಂತೆಯ ಬಗ್ಗೆ ಮಾತನಾಡಿದಳು. ಪಿಡಿಎಫ್ ತಂದಿದ್ದಳು. ಮುಗಿದ ಮೇಲೆ ಮತ್ತೆ ಬಂದು ನಿಂತಳು, ಎಲ್ಲಿ ಹೋಯ್ತು ಅಂತ ಕೇಳಿದಳು. ಈ ಸಲ ನಮ್ಮ ಹತ್ತಿರ ಹೇಳಲು ಇತ್ತು. ನಾಲ್ಕು ಹಾಳೆಗಳನ್ನೂ ಅವಳ ಮುಂದೆ ಹರಡಿದೆವು. ಮೊದಲ ಮೂರು ನಿಮಿಷದ ಅಕ್ಷರಗಳು ಹೆಚ್ಚುಕಡಿಮೆ ಎಲ್ಲ ಕ, ನ. ನಾಲ್ಕನೆಯ ನಿಮಿಷದಿಂದ ಜ ಶುರುವಾಗಿ ಕೊನೆವರೆಗೂ ಇತ್ತು, ಎಡಕ್ಕೂ ಬಲಕ್ಕೂ.

ಅವಳು ಬೆರಳಿಟ್ಟು ಎಣಿಸಿದಳು. "ಇಷ್ಟೇನಾ? ಮೊದಲ್ನೇ ಮೂರ್ ನಿಮಿಷನಾ?"

"ಅಷ್ಟೇ" ಅಂದೆವು.

"ಹಂಗಾದ್ರೆ ಶುರೂದು ಒಂದಿಷ್ಟು ಬಾಯಿಪಾಠ ಮಾಡ್ಕೊಂಡ್ ಬತ್ತೀನಿ" ಎಂದು ಹೇಳಿ, ಹಾಳೆಯ ಫೋಟೋ ತೆಗೆದುಕೊಂಡು ಬಸ್ಸಿಗೆ ಓಡಿದಳು.